ಹೆಲ್ಮೆಟ್ಟಿಗೆ ಹೊಲಿದ ಅಂಗಿ

ಹೆಲ್ಮೆಟ್ಟಿಗೆ ಅಂಗಿ ಹೊಲಿದವಳು ನಾನು. ಸೊಸೆ ಕೇಳಿರಲಿಲ್ಲ, ಮಗ ಹೇಳಿರಲಿಲ್ಲ. ನನ್ನ ತಲೆಯಲ್ಲಿ ಹುಟ್ಟಿದ್ದು, ನನ್ನ ಕೈಯಲ್ಲಿ ಆದದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನನ್ನ ಸೊಸೆ ನರ್ಸ್. ನಮ್ಮ ಮನೆ ರಾಯಚೂರಿನಲ್ಲಿ, ಅವಳ ಕೆಲಸ ಮಾನ್ವಿ ರಸ್ತೆಯ ಒಳಗಿನ ಮೂರು ಹಳ್ಳಿಗಳಲ್ಲಿ. ಕೂಸುಗಳಿಗೆ ಲಸಿಕೆ ಹಾಕಬೇಕು, ಬಸುರಿಯರ ರಕ್ತ ನೋಡಬೇಕು. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಒಂದು ಹಳ್ಳಿಗೆ ನಾಲ್ಕು ಕಿಲೋಮೀಟರು, ಇನ್ನೊಂದಕ್ಕೆ ಆರು, ಮೂರನೆಯದಕ್ಕೆ ಹಳ್ಳ ದಾಟಬೇಕು. ಲಸಿಕೆಯ ನೀಲಿ ಡಬ್ಬಿಯಲ್ಲಿ ಮಂಜುಗಡ್ಡೆ ಇಟ್ಟುಕೊಂಡು ನಡೆದು ಹೋದರೆ, ಸಂಜೆಯೊಳಗೆ ಮೂರರಲ್ಲಿ ಒಂದು ಹಳ್ಳಿ ತಪ್ಪುತ್ತದೆ. ಅದಕ್ಕೇ ಅವಳ ಸ್ಕೂಟರ್. ಸ್ಕೂಟರ್ ಇಲ್ಲದ ಅವಳ ಕೆಲಸ ಅರ್ಧ ಕೆಲಸ.

ಹೆಲ್ಮೆಟ್ ಇಲ್ಲದೆ ಅವಳು ಗಾಡಿ ಹತ್ತುವವಳಲ್ಲ. ಒಡೆದ ತಲೆಗಳನ್ನು ಆಸ್ಪತ್ರೆಯಲ್ಲಿ ನೋಡಿದವಳು. ಆದರೆ ಏಪ್ರಿಲ್ ಬಂತೆಂದರೆ ಗೋಳು. ಕರಿ ಹೆಲ್ಮೆಟ್, ರಾಯಚೂರಿನ ಬಿಸಿಲು.

"ಅತ್ತಿ, ಒಲಿ ಮ್ಯಾಲಿನ ಬೋಗಾಣಿ ತಲಿಗಿ ಡಬ್ ಹಾಕ್ಕೊಂಡಂಗ ಆಗ್ತದ ನೋಡ್ರಿ," ಎಂದಳು ಒಂದು ದಿನ. ಕಣ್ಣು ಕೆಂಪಾಗಿದ್ದವು, ವಾಂತಿ ಮಾಡಿಕೊಂಡು ಬಂದಿದ್ದಳು.

ನಾನು ನೀರಿನ ಗಡಿಗೆಯ ಕಡೆ ನೋಡಿದೆ. ಬೇಸಿಗೆಯಲ್ಲಿ ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತೇವೆ, ನೀರು ತಣ್ಣಗಿರುತ್ತದೆ. ಗಡಿಗೆಗೆ ಆಗುವುದು ಹೆಲ್ಮೆಟ್ಟಿಗೆ ಯಾಕೆ ಆಗಬಾರದು? ನನ್ನ ಹಳೆಯ ಬಿಳಿ ಸೀರೆ ಹರಿದು, ಎರಡು ಪದರ ಹಾಕಿ, ಅಂಚಿಗೆ ಲಾಡಿ ಪೋಣಿಸಿ ಒಂದು ಅಂಗಿ ಹೊಲಿದೆ. ನೀರಲ್ಲಿ ಅದ್ದಿ, ಹಿಂಡಿ, ಹೆಲ್ಮೆಟ್ಟಿನ ಮೇಲೆ ಎಳೆದು ಲಾಡಿ ಕಟ್ಟಿದರೆ ಹೆಲ್ಮೆಟ್ ಪೂರ್ತಿ ಒಳಗೆ. ಮುಂದಿನ ಗಾಜು ಮುರಿದು ತೆಗೆದು ವರ್ಷವಾಗಿತ್ತು, ಹಾಗಾಗಿ ಮುಖದ ಕಡೆ ಮಾತ್ರ ತೆರವು. ಧೂಳಿಗೆಂದು ಮೂಗು ಬಾಯಿಗೆ ಅವಳ ಮಾಸ್ಕ್ ಇದ್ದೇ ಇರುತ್ತಿತ್ತು. ಗದ್ದದ ಪಟ್ಟಿ ಮಾಸ್ಕಿನ ಹಿಂದೆ ಹೋಯಿತು.

ಅವತ್ತು ಸಂಜೆ ಬಂದವಳು ನಗುತ್ತ ಬಂದಳು. "ತಲಿ ತಣ್ಣಗದರಿ ಅತ್ತಿ!" ಬೇಸಿಗೆಯಿಡೀ ಹಾಕಿಕೊಂಡು ತಿರುಗಿದಳು. ನಾನು ಹೆಮ್ಮೆಪಟ್ಟೆ. ನನಗೆ ಹೆಮ್ಮೆ ಅಪರೂಪ, ಬಂದಾಗೆಲ್ಲ ದುಬಾರಿಯಾಗಿದೆ.

ಇನ್ನು ನನ್ನ ಕೆಲಸದ ಮಾತು. ನಾನು ಓದಿದ್ದು ನಾಲ್ಕನೇ ಇಯತ್ತೆ, ದೇವದುರ್ಗದ ಕಡೆಯ ತವರೂರಿನಲ್ಲಿ. ಮದುವೆಯಾಗಿ ರಾಯಚೂರಿಗೆ ಬಂದ ಮೇಲೆ ರೈಸ್ ಮಿಲ್ಲಿನಲ್ಲಿ ಅಕ್ಕಿ ಆರಿಸಿದೆ. ಕರಿ ಕಾಳು, ಕಲ್ಲು, ಕೆಂಪು ನುಚ್ಚು. ಬಣ್ಣ ನೋಡಿ ಆರಿಸುವ ಮಷೀನು ಬಂದ ಮೇಲೆ ನಮ್ಮನ್ನು ಮನೆಗೆ ಕಳಿಸಿದರು. ಕಣ್ಣು ಮಾತ್ರ ಹಾಗೇ ಉಳಿಯಿತು. ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿಯ ಮಾಳಿಗೆ ಮೇಲೆ, ಕಂಪ್ಯೂಟರಿನಲ್ಲಿ ರಸ್ತೆಯ ವಿಡಿಯೋ ನೋಡಿ ಗುರುತು ಹಾಕುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಎಂದು ಓಣಿಯವರು ಹೇಳಿದಾಗ ಹೋದೆ. ಉಸ್ತುವಾರಿ ನೋಡುವ ಹುಡುಗಿ ಡಿಗ್ರಿ ಓದಿದವಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೌಸ್ ಹಿಡಿಯಾಕ ಬರ್ತದೇನಮ್ಮಾ?"

"ಕಡಗೋಲು ಹಿಡಿದೀನಿ, ಕುರ್ಪಿ ಹಿಡಿದೀನಿ. ಇದೇನು ಕಚ್ಚತದೇನು?"

ನಕ್ಕಳು. ಕೆಲಸ ಸಿಕ್ಕಿತು.

ಕೆಲಸ ಇಷ್ಟು. ವಿಡಿಯೋ ನಿಲ್ಲಿಸಿ, ಬೈಕಿನ ಮೇಲಿರುವ ಒಬ್ಬೊಬ್ಬರ ತಲೆಗೂ ಒಂದು ಚೌಕ ಎಳೆಯಬೇಕು. ಹೆಲ್ಮೆಟ್ ಇದ್ದರೆ ಹಸಿರು. ಇಲ್ಲದಿದ್ದರೆ ಕೆಂಪು. ಏನೋ ಅಡ್ಡ ಬಂದು ತಿಳಿಯದಿದ್ದರೆ ಹಳದಿ. ಹೀಗೆ ಸಾವಿರಗಟ್ಟಲೆ ಚೌಕ ತೋರಿಸಿದರೆ ಮಷೀನು ತಾನೇ ಕಲಿಯುತ್ತದಂತೆ. ಅಕ್ಕಿ ಆರಿಸುವುದನ್ನು ಹೊಸದಾಗಿ ಬಂದವರಿಗೆ ನಾನೂ ಹೀಗೇ ಕಲಿಸಿದ್ದೆ, ಬಾಯಿಂದಲ್ಲ, ಮುಂದೆ ಇಟ್ಟು.

ಕೇಳಿದರೆ ಸುಲಭ. ಆದರೆ ನಮ್ಮ ರಸ್ತೆಯಲ್ಲಿ ಪೂರಾ ತಲೆ ಕಾಣುವುದೇ ಕಡಿಮೆ. ದೇವದುರ್ಗದ ಕಡೆಯ ವಿಡಿಯೋದಲ್ಲಿ ಹತ್ತಿ ಗಂಟು ಅಡ್ಡ. ಮಾನ್ವಿ ರಸ್ತೆಯಲ್ಲಿ ಭತ್ತದ ಲಾರಿ ಅಡ್ಡ. ಗಂಡ ಮುಂದೆ, ಹೆಂಡತಿ ಹಿಂದೆ, ನಡುವೆ ಎರಡು ಮಕ್ಕಳು. ಸೆರಗು ಹೊದ್ದ ತಲೆ, ರುಮಾಲು ಸುತ್ತಿದ ತಲೆ. ಹೆಲ್ಮೆಟ್ ಇದ್ದರೂ ತಲೆಯ ಮೇಲಲ್ಲ, ಮೊಣಕೈಗೆ ನೇತುಹಾಕಿ, ಸಂತೆಯ ಕುಂಬಳಕಾಯಿ ಒಯ್ದ ಹಾಗೆ.

ಮೊದಲ ವಾರವೇ ಜಗಳ ತೆಗೆದೆ. ಎದುರಿಂದ ಬರುವ ಬೈಕಿನ ಮೇಲೆ ಹೆಲ್ಮೆಟ್ ಹಾಕಿದ ಒಂದೇ ತಲೆ. ಕೆಳಗೆ ನೋಡಿದರೆ ನಾಲ್ಕು ಕಾಲು.

"ಇನ್ನೊಬ್ಬ ಹಿಂದ ಅಡಗ್ಯಾನ. ಅವನ ತಲಿ ಎಲ್ಲಿ ಹಾಕಲಿ?" ಎಂದೆ.

"ಕಂಡದ್ದಕ್ಕಷ್ಟ ಚೌಕ ಹಾಕ್ರಿ ಅಮ್ಮಾ. ಕಾಣದ್ದು ಹಾಕಿದ್ರ ಮಷೀನು ಮುಂದಿನವನ ಹೆಲ್ಮೆಟ್ಟನ್ನ ಹಿಂದಿನವನ ತಲಿ ಅಂತ ಕಲೀತದ."

"ಕಾಲು ಎಣಿಸಬಾರದೇನು ಅದಕ್ಕ?"

"ಅದು ಎಣಿಸಂಗಿಲ್ಲ. ಒಂದು ತಲಿ ಕಂಡ್ರ ಅದರ ಮ್ಯಾಲ ಹತ್ತಿಪ್ಪತ್ತು ಚೌಕ ಹಾಕ್ತದ. ಒಂದರ ಮ್ಯಾಲ ಒಂದು ಕೂತಿದ್ರ ಎಲ್ಲಾ ಒಂದ ತಲಿದು ಅಂತ ತಿಳಕೊಂಡು, ಗಟ್ಟಿ ಅನಿಸಿದ್ದೊಂದು ಇಟ್ಟು ಉಳಿದದ್ದು ಒಗೀತದ. ಹಿಂದಿನವ ಒಂದಿಷ್ಟು ಇಣುಕಿದ್ರೂ, ಅವನ ಚೌಕ ಮುಂದಿನವನ ಚೌಕದ ಮ್ಯಾಲ ಬೀಳ್ತದ. ಅದೂ ಕಸದಾಗ ಹೋಗ್ತದ."

ಅಂದರೆ ಒಬ್ಬನಿಗೆ ಅಂಟಿಕೊಂಡು ಕೂತರೆ ಇನ್ನೊಬ್ಬ ಇಲ್ಲವೇ ಇಲ್ಲ. ಮಿಲ್ಲಿನ ಮಷೀನೂ ಹಾಗೇ ಇತ್ತು. ಬಿಳಿ ಕಾಳಿನ ಹಿಂದೆ ಕರಿ ಕಾಳು ಅಂಟಿದ್ದರೆ ಎರಡೂ ದಾಟಿ ಬರುತ್ತಿದ್ದವು. ನಾವಾದರೆ ಹೊರಳಿಸಿ ನೋಡುತ್ತಿದ್ದೆವು. ಇಲ್ಲಿಯೂ ನಾನು ವಿಡಿಯೋ ಹಿಂದೆ ಮುಂದೆ ಓಡಿಸಿ ನೋಡುತ್ತೇನೆ. ಲಾರಿ ಹಿಂದೆ ಹೋದವನು ಹೊರಗೆ ಬಂದೇ ಬರುತ್ತಾನೆ. ಮಷೀನು ಒಂದೊಂದೇ ಚಿತ್ರ ನೋಡುತ್ತದಂತೆ, ಹಿಂದಿನದು ಅದಕ್ಕೆ ನೆನಪಿಲ್ಲ, ಮುಂದಿನದು ಬೇಕಿಲ್ಲ.

ಬಟ್ಟೆ ಸುತ್ತಿದ ತಲೆ ಬಂದಾಗ ನಾನು ಹಳದಿ ಒತ್ತುತ್ತಿದ್ದೆ. ಬಟ್ಟೆಯ ಒಳಗೆ ಏನಿದೆ ಎಂದು ನಾನೇನು ಬಲ್ಲೆ? ತಿಂಗಳಾಗುವುದರೊಳಗೆ ಹುಡುಗಿ ಬಂದು ಪಕ್ಕದಲ್ಲಿ ಕೂತಳು.

"ಅಮ್ಮಾ, ನಿಮ್ಮದು ಹಳದಿ ಭಾಳ ಆಗ್ಯಾವ. ಕೆಲಸ ಕೊಟ್ಟೋರು ವಾಪಸ್ ಕಳಿಸ್ಯಾರ. ಹಳದಿ ಇದ್ರ ಮಷೀನಿಗಿ ಕಲಿಯಾಕ ಏನೂ ಸಿಗಂಗಿಲ್ಲಂತ."

"ತಿಳೀಲಾರದ್ದಕ್ಕ ತಿಳೀತದ ಅಂತ ಹಾಕಲೇನು?"

"ನೀವ ಹೇಳ್ರಿ. ನಮ್ಮ ಊರಾಗ ಬಟ್ಟಿ ಸುತ್ತಿದ ತಲಿ ಒಳಗ ಹೆಲ್ಮೆಟ್ ಇರ್ತದೇನು? ನೂರಕ್ಕ ಒಂದು?"

ಯೋಚನೆ ಮಾಡಿದೆ. ಅವಳು ಹೇಳಿದ್ದು ಸುಳ್ಳಲ್ಲ. ಸೆರಗಿನ ಕೆಳಗೆ ಕೂದಲು, ರುಮಾಲಿನ ಕೆಳಗೆ ಬೋಳು.

"ಇಲ್ಲ."

"ಮತ್ತ? ಬಟ್ಟಿ ಕಂಡ್ರ ಕೆಂಪು ಒತ್ರಿ."

ಒತ್ತಿದೆ. ಬಟ್ಟೆ ಕಂಡಲ್ಲೆಲ್ಲ ಕೆಂಪು. ಕೈ ಚುರುಕಾಯಿತು. ಯೋಚನೆ ಮಾಡುವುದು ನಿಂತರೆ ಕೈ ಚುರುಕಾಗುತ್ತದೆ, ಅದು ಮಿಲ್ಲಿನಿಂದಲೂ ಗೊತ್ತು. ವರ್ಷದೊಳಗೆ ಆ ಮಾಳಿಗೆಯಲ್ಲಿ ನನ್ನಷ್ಟು ಬೇಗ ಚೌಕ ಹಾಕುವವರು ಇರಲಿಲ್ಲ. ಆ ಮೇಲೆ ಬಂದ ಬೇಸಿಗೆಯಲ್ಲೇ ನಾನು ಮನೆಯಲ್ಲಿ ಕೂತು ಹೆಲ್ಮೆಟ್ಟಿಗೆ ಅಂಗಿ ಹೊಲಿದದ್ದು. ಎರಡನ್ನೂ ಮಾಡಿದ್ದು ಒಂದೇ ಕೈ. ಒಂದು ಸಲವೂ ಒಂದಕ್ಕೊಂದು ಕೂಡಿಸಿ ನೋಡಲಿಲ್ಲ.

ಮಳೆ ಶುರುವಾಗಿ ಅಂಗಿ ಮಡಚಿಟ್ಟ ಮೇಲೆ ಅಂಚೆಯಲ್ಲಿ ಕಾಗದ ಬಂತು. ಗಾಡಿ ಸೊಸೆಯ ಹೆಸರಿನಲ್ಲಿದೆ. ಆದರೆ ಅದಕ್ಕೆ ಕೊಟ್ಟಿದ್ದ ಫೋನ್ ನಂಬರು ನನ್ನ ಮಗನದು, ಎಂದೋ ಬಿಟ್ಟದ್ದು. ಬಂದ ಸಂದೇಶಗಳೆಲ್ಲ ಆ ಸತ್ತ ನಂಬರಿಗೆ ಹೋಗಿ ಬಿದ್ದಿದ್ದವು. ಕಾಗದದಲ್ಲಿ ಮೂರು ಫೋಟೋ. ಮೂರೂ ಅದೇ ಬೇಸಿಗೆಯವು, ಮಾನ್ವಿ ರಸ್ತೆಯ ಒಂದೇ ಕಂಬದ ಕ್ಯಾಮೆರಾ ತೆಗೆದದ್ದು. ಮೂರು ಸಲ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದೀರಿ, ಲೈಸೆನ್ಸ್ ಮೂರು ತಿಂಗಳು ಯಾಕೆ ಅಮಾನತು ಮಾಡಬಾರದು, ಬಂದು ಕಾರಣ ಹೇಳಿ.

ಮಗ ಓದಿ ಹೇಳಿದ. ಸೊಸೆ ನಕ್ಕಳು. "ಹುಚ್ಚು ಮಷೀನು! ನಾ ಹೆಲ್ಮೆಟ್ ಇಲ್ದ ಹೋಗೀನೇನು?" ಎಂದು ಫೋಟೋ ನನ್ನ ಕೈಗೆ ಕೊಟ್ಟಳು. "ನೋಡ್ರಿ ಅತ್ತಿ."

ನೋಡಿದೆ. ಸಣ್ಣ ಫೋಟೋ. ಬಿಳಿ ಬಟ್ಟೆ ಸುತ್ತಿದ ಗುಂಡು ತಲೆ, ಕೆಳಗೆ ಮಾಸ್ಕ್, ನಡುವೆ ಎರಡು ಕಣ್ಣು. ತಲೆಯ ಸುತ್ತ ಕೆಂಪು ಚೌಕ.

ಆ ಚೌಕದ ಅಳತೆ ನನಗೆ ಗೊತ್ತು. ತಲೆಗೆ ತಾಗಿಯೂ ತಾಗದ ಹಾಗೆ, ಭುಜ ಸೇರದ ಹಾಗೆ. ನಾನು ದಿನಾ ಎಳೆಯುವುದು ಅದನ್ನೇ. ನಗಲಿಲ್ಲ ನಾನು.

ಮರುದಿನ ಮಾಳಿಗೆಗೆ ಹೋಗಿ ಉಸ್ತುವಾರಿ ಹುಡುಗಿಯ ಮುಂದೆ ಫೋಟೋ ಇಟ್ಟೆ. ನಡೆದದ್ದು ಹೇಳಿದೆ. ಅವಳು ಕೈಗೆತ್ತಿಕೊಂಡು ನೋಡಿದಳು.

"ಇದು ನಾವು ಕಲಿಸಿದ ಮಷೀನೇನು?" ಎಂದು ಕೇಳಿದೆ.

"ಗೊತ್ತಿಲ್ಲ ಅಮ್ಮಾ. ನಮ್ಮ ಕೆಲಸ ಒಬ್ರಿಗಿ ಹೋಗ್ತದ, ಅವ್ರು ಇನ್ನೊಬ್ರಿಗಿ ಕೊಡ್ತಾರ. ಎಲ್ಲಿಗಿ ಹೋಗ್ತದ ಅಂತ ನಮಗ್ಯಾರೂ ಹೇಳಂಗಿಲ್ಲ."

"ನಮ್ಮದಲ್ಲ ಅಂದ್ರ, ನಮ್ಮಂಗ ಯಾರೋ ಕಲಿಸ್ಯಾರ."

"ಹೌದು. ಬಟ್ಟಿ ಕಂಡದ್ದೆಲ್ಲಾ ಕೆಂಪು ಅಂತ ತೋರಿಸಿದ್ರ, ಅದು ತಲಿ ನೋಡೂದ ಬಿಡ್ತದ. ಬಟ್ಟಿ ನೋಡ್ತದ. ಬಟ್ಟಿ ಅಂದ್ರ ಹೆಲ್ಮೆಟ್ ಇಲ್ಲ, ಮುಗೀತು."

"ಅದನ್ನ ಈಗ ಬ್ಯಾರೆ ಕಲಿಸಾಕ ಬರ್ತದೇನು?"

"ಬರ್ತದ. ಇಂಥ ಬಟ್ಟಿ ಹಾಕಿದ ಹೆಲ್ಮೆಟ್ ಭಾಳಷ್ಟು ಬೇಕು, ಹಸಿರು ಚೌಕ ಹಾಕಿ. ಎಷ್ಟು ಮಂದಿ ಹಾಕ್ಕೊಂತಾರ ಅಮ್ಮಾ ಈ ಅಂಗಿ?"

"ಒಬ್ಬಾಕಿ."

ಹುಡುಗಿ ಫೋಟೋ ಮಡಚಿ ಕೊಟ್ಟಳು. ಮೇಲಿನವರಿಗೆ ಬರೆಯುತ್ತೇನೆ ಎಂದಳು. ಬರೆದಳು ಕೂಡ. ಉತ್ತರ ಬಂತು: ಸೂಚನೆಯಂತೆ ಕೆಲಸ ಮುಂದುವರಿಸಿ.

ಲೈಸೆನ್ಸ್ ಕಚೇರಿಗೆ ಸೊಸೆ ಒಬ್ಬಳೇ ಹೋಗುತ್ತೇನೆಂದಳು. ನಾನೂ ಬರುತ್ತೇನೆ ಎಂದೆ. ಹೆಲ್ಮೆಟ್ಟು, ಅಂಗಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡೆ. ಅಂಗಿಯನ್ನು ಒದ್ದೆ ಮಾಡಿಯೇ ಒಯ್ದೆ, ಹೇಗಿರುತ್ತಿತ್ತೋ ಹಾಗೇ ತೋರಿಸೋಣ ಎಂದು. ಚೀಲ ತೊಟ್ಟಿಕ್ಕುತ್ತಿತ್ತು.

ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಕುರ್ಚಿ ತರಿಸಿ, "ಕುಂದರ್ರಿ ಯವ್ವಾ," ಎಂದ.

ಸೊಸೆ ಮಾಸ್ಕ್, ಹೆಲ್ಮೆಟ್ ಎರಡೂ ಹಾಕಿಕೊಂಡಳು, ನಾನು ಅದರ ಮೇಲೆ ಅಂಗಿ ಎಳೆದು ಲಾಡಿ ಕಟ್ಟಿದೆ. ಸರದಿಯಲ್ಲಿ ನಿಂತವರು ಇಣುಕಿ ನಕ್ಕರು. ಒಬ್ಬ ಡ್ರೈವರ್, "ಸಿಸ್ಟರ್‌ಗೆ ಪಟಗಾ ಸುತ್ತಾಕತ್ತಾರ, ಮದಿವಿ ಅದೇನ್ರಿ?" ಎಂದ. "ನಿಂದ ಮಾಡೋಣ ಬಾ," ಎಂದೆ. ಸರದಿಯೊಳಗೆ ಹಿಂದೆ ಸರಿದ.

ಅಧಿಕಾರಿ ಎದ್ದು ಬಂದು ಸೊಸೆಯನ್ನು ಸುತ್ತಿ ನೋಡಿದ. ಬೆರಳಿನಿಂದ ಬಡಿದ. ಟೊಕ್ ಟೊಕ್ ಎಂದಿತು.

"ಒಳಗ ಹೆಲ್ಮೆಟ್ ಅದ, ಖರೆ," ಎಂದ.

"ಮತ್ತ ಆತಲ್ರಿ ಸಾಹೇಬ್ರ," ಎಂದಳು ಸೊಸೆ.

"ಇವತ್ತು ಅದ ಸಿಸ್ಟರ್. ಅವತ್ತು ಇತ್ತು ಅಂತ ಈ ಫೋಟೋ ಹೇಳಬೇಕಲ್ಲ? ಇದನ್ನ ಬಡಿದು ನೋಡಾಕ ಬರಂಗಿಲ್ಲ. ಬರೇ ಮಷೀನು ಹಿಡಿದದ್ದಲ್ಲ, ಆಮ್ಯಾಲ ಒಬ್ರು ಕೂತು ನೋಡಿ ಹೌದಂದಾರ. ಮೂರೂ ಸಲ."

"ತಲಿ ಎಷ್ಟು ದಪ್ಪ ಕಾಣ್ತದ ನೋಡ್ರಿ. ಬರೇ ಬಟ್ಟಿ ಆದ್ರ ಇಷ್ಟು ದಪ್ಪ ಇರ್ತದೇನು?" ಎಂದೆ ನಾನು.

"ತುರುಬು ಕಟ್ಟಿ ಟವೆಲ್ ಸುತ್ತಿದ್ರ ಇಷ್ಟ ಆಗ್ತದ ಯವ್ವಾ. ದಿನಾ ನೋಡ್ತೀನಿ."

ಅದೂ ಸುಳ್ಳಲ್ಲ. ನಾನೂ ದಿನಾ ನೋಡುತ್ತೇನೆ.

ಎರಡನೆಯ ಫೋಟೋದಲ್ಲಿ ಸೊಸೆಯ ಹಿಂದೆ ಇನ್ನೊಂದು ಬೈಕಿತ್ತು. ಹೆಲ್ಮೆಟ್ ಹಾಕಿದ ಒಬ್ಬ, ಕೆಳಗೆ ನಾಲ್ಕು ಕಾಲು. ಆ ಬೈಕಿಗೆ ಚೌಕವೇ ಇರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ.

"ಇಲ್ಲೊಬ್ಬ ಬರಿತಲಿಯವ ಅಡಗ್ಯಾನ. ಮುಂದಿನವನ ತಲಿ ಅಡ್ಡ ಅದಂತ ಮಷೀನು ಇವನ್ನ ಬಿಟ್ಟದ. ಹಾಕ್ಕೊಂಡ ನಮ್ಮಾಕಿನ್ನ ಹಿಡಿದದ. ಎರಡೂ ಒಂದ ರೋಗ. ಅಡ್ಡ ಬಂದದ್ದರ ಹಿಂದ ಏನದ ಅಂತ ಅದಕ್ಕ ಗೊತ್ತಾಗಂಗಿಲ್ಲ."

ಅಧಿಕಾರಿ ಫೋಟೋ ಹತ್ತಿರ ಹಿಡಿದು ಎಣಿಸಿದ. ನಾಲ್ಕೇ. ಆಮೇಲೆ ನನ್ನ ಕಡೆ ನೋಡಿದ. "ಇದೆಲ್ಲಾ ನಿಮಗ ಹೆಂಗ ಗೊತ್ತು?"

ಹೇಳಿದೆ. ಸ್ಟೇಷನ್ ರಸ್ತೆ, ಮಾಳಿಗೆ, ಚೌಕ, ಹಸಿರು, ಕೆಂಪು. ಅವನಿಗೆ ಖುಷಿಯಾದಂತೆ ಕಂಡಿತು. ಕುರ್ಚಿ ಮುಂದಕ್ಕೆ ಎಳೆದುಕೊಂಡ.

"ಹಂಗಾದ್ರ ನೀವ ಹೇಳ್ರಿ ಯವ್ವಾ. ಇಕಿ ನಿಮ್ಮ ಸೊಸಿ ಅಂಬೂದು ಮರೀರಿ. ನಿಮ್ಮ ಕಂಪ್ಯೂಟರದಾಗ ಈ ಫೋಟೋ ಬಂತು. ಯಾವ ಬಣ್ಣ ಒತ್ತತೀರಿ?"

ಸೊಸೆ ಒದ್ದೆ ಅಂಗಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. ಎರಡು ಕಣ್ಣು ಮಾತ್ರ, ಫೋಟೋದಲ್ಲಿದ್ದ ಹಾಗೇ.

"ಕೆಂಪು," ಎಂದೆ.

ಅಧಿಕಾರಿ ಪೆನ್ನು ಎತ್ತಿಕೊಂಡ. ಬರೆಯುವ ಮುಂಚೆ, "ತಪ್ಪು ತಿಳ್ಕೋಬ್ಯಾಡ್ರಿ," ಎಂದ. ತಿಳಿದುಕೊಳ್ಳಲಿಕ್ಕೆ ಏನೂ ಉಳಿದಿರಲಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಸೊಸೆ ಹೆಲ್ಮೆಟ್ ತೆಗೆದು, ಲಾಡಿ ಬಿಚ್ಚಿ, ಅಂಗಿಯನ್ನು ನನ್ನ ಕೈಗೆ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು. "ಅತ್ತಿ, ಹಳದಿ ಅಂತ ಒಂದು ಇರ್ತದ ಅಂತಿದ್ರಲ್ಲ? ತಿಳೀಲಿಲ್ಲ ಅಂದ್ರ ಒತ್ತೂದು?"

"ಅದ."

"ಮತ್ತ ಅದನ್ನ ಯಾಕ ಹೇಳಲಿಲ್ಲ?"

"ಯಾವ ಬಣ್ಣ ಒತ್ತತೀ ಅಂತ ಕೇಳಿದ. ಯಾವುದು ಖರೆ ಅಂತ ಕೇಳಲಿಲ್ಲ. ನಾ ಒತ್ತೂದು ಕೆಂಪು."

ಅವಳು ಕಿಟಕಿಯ ಕಡೆ ತಿರುಗಿದಳು. ಆ ಮಾತು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿದಿಲ್ಲ. ಹಳದಿ ಎಂದಿದ್ದರೆ ಅವನು ಬಿಡುತ್ತಿದ್ದನೋ ಏನೋ. ಅವನ ಕಾಗದದಲ್ಲಿ ಗುರುತು ಹಾಕಲು ಎರಡೇ ಮನೆ ಇದ್ದವು, ಒಪ್ಪಿದೆ, ಒಪ್ಪಿಲ್ಲ. ಮೂರನೆಯದು ನಾನು ಕಾಣಲಿಲ್ಲ.

ಈಗ ಮೂರು ತಿಂಗಳ ಮಟ್ಟಿಗೆ ಲೈಸೆನ್ಸ್ ಕಚೇರಿಯಲ್ಲಿದೆ, ಸ್ಕೂಟರ್ ಅಂಗಳದಲ್ಲಿದೆ. ಮಗ ತನ್ನ ಕೆಲಸಕ್ಕೆ ಶಕ್ತಿನಗರದ ಕಡೆ ಹೋಗಬೇಕು, ಅವಳು ಹೋಗುವುದು ಮಾನ್ವಿಯ ಕಡೆ. ಅವನು ಬಿಟ್ಟು ಬರುವ ಹಾಗಿಲ್ಲ. ಅವಳು ಬಸ್ಸಿಳಿದು ನೀಲಿ ಡಬ್ಬಿ ಹೊತ್ತು ನಡೆಯುತ್ತಾಳೆ. ಹಳ್ಳದ ಆಚೆಯ ಹಳ್ಳಿಗೆ ಎರಡು ವಾರ ಹೋಗಲಾಗಲಿಲ್ಲ. ಅಲ್ಲಿಯ ತಾಯಂದಿರು ಕೂಸು ಎತ್ತಿಕೊಂಡು ಅಂಗನವಾಡಿಯಲ್ಲಿ ಕಾದು ವಾಪಸ್ ಹೋದರಂತೆ. ಅವಳ ಮೇಲಿನವರು ಕಾರಣ ಕೇಳಿದ್ದಾರೆ. ಕಾಗದ ಮೇಜಿನ ಮೇಲಿದೆ, ಏನು ಬರೆಯಬೇಕೆಂದು ಅವಳಿಗೆ ತೋಚಿಲ್ಲ.

ನಾನು ಮಾಳಿಗೆಗೆ ಹೋಗುತ್ತಿದ್ದೇನೆ. ಕಚೇರಿಯಿಂದ ಬಂದ ಮರುದಿನ ಬಟ್ಟೆ ಸುತ್ತಿದ ತಲೆ ಕಂಡಲ್ಲೆಲ್ಲ ಹಳದಿ ಒತ್ತಿದೆ. ಅದರ ಮರುದಿನವೂ ಒತ್ತಿದೆ. ಮೂರನೆಯ ದಿನ ಎಲ್ಲವೂ ವಾಪಸ್ ಬಂದವು. ಹುಡುಗಿ ಪಟ್ಟಿ ತಂದು ನನ್ನ ಮುಂದಿಟ್ಟು ನಿಂತಳು. ಅವಳಿಗೂ ಮೇಲಿನವರಿದ್ದಾರೆ. "ಕುಂದರು ಹೋಗು, ಮಾಡ್ತೀನಿ," ಎಂದೆ. ಸಂಜೆಯವರೆಗೆ ಕೂತು ಒಂದೊಂದನ್ನೂ ಕೆಂಪು ಮಾಡಿದೆ. ಒಂದರಲ್ಲಿ ಮಾತ್ರ, ದೇವದುರ್ಗದ ರಸ್ತೆಯ ಒಂದು ಹೆಣ್ಣುಮಗಳು, ತಲೆ ತುಸು ಹೆಚ್ಚೇ ಗುಂಡಗೆ ಕಂಡಿತು. ಹಿಂದೆ ಓಡಿಸಿದೆ, ಮುಂದೆ ಓಡಿಸಿದೆ. ಹತ್ತಿ ಗಾಡಿ ಅಡ್ಡ ಬಂತು, ಆಚೆ ಅವಳು ಹೊರಗೆ ಬರುವಷ್ಟರಲ್ಲಿ ವಿಡಿಯೋ ಮುಗಿಯಿತು. ಅವಳನ್ನೂ ಕೆಂಪು ಮಾಡಿದೆ.

ಅಂಗಿಯನ್ನು ಗಡಿಗೆಗೆ ಹಾಕಿದ್ದೇನೆ. ಸರಿಯಾಗಿ ಕೂತಿದೆ.